ವಿಷಯ: ತಿಂಗಳ ಚಂದಾ ಇಲ್ಲದ ಔಷಧಿ ಫ್ರಿಜ್ಜಿನ ಅಲಾರಂ – ಪ್ರೆಸ್ ನೋಟ್ ಜೊತೆಗಿದೆ, ಜೂನ್ 12ರವರೆಗೆ ಎಂಬಾರ್ಗೊ

ಮೇಡಂ, ನಮಸ್ಕಾರ.

ದುಡ್ಡು ಕೊಟ್ಟು ಕೊಂಡ ಸಾಮಾನಿಗೆ ಮತ್ತೆ ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಕಂಪನಿಗಳ ಬಗ್ಗೆ ನೀವು ಬರೆದ ಅಂಕಣ ಓದಿದೆ. ಚಂದಾ ಬೇಡ ಅನ್ನುವ ಕಂಪನಿ ಎಷ್ಟು ದಿನ ಬಾಳುತ್ತದೆ ಎಂದು ಕೊನೆಯಲ್ಲಿ ಕೇಳಿದ್ದೀರಿ. ನಾವು ಕೈಯಿಂದ ದುಡ್ಡು ಹಾಕಿ ಅದನ್ನೇ ಪರೀಕ್ಷೆ ಮಾಡಲು ಹೊರಟಿದ್ದೇವೆ. ಅದಕ್ಕೇ ಈ ಮೇಲ್ ನಿಮಗೆ ಮೊದಲು.

ನಾವು ಒಟ್ಟು ಆರು ಜನ. ಔಷಧಿ ಅಂಗಡಿ ಮತ್ತು ಸಣ್ಣ ಕ್ಲಿನಿಕ್‌ಗಳ ಫ್ರಿಜ್ಜಿಗೆ ಒಂದು ಅಲಾರಂ ಮಾಡಿದ್ದೇವೆ. ಹೆಸರು ತಂಪುಗಾವಲು. ಜೂನ್ 12ರಂದು ಮಾರಾಟಕ್ಕೆ ಬರುತ್ತದೆ.

ಇದನ್ನು ಮಾಡುವ ಯೋಚನೆ ಬಂದದ್ದು ಒಂದು ಅಂಗಡಿಯಲ್ಲಿ. ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದ ಥರ್ಮಾಮೀಟರ್ 5 ಡಿಗ್ರಿ ತೋರಿಸುತ್ತಿತ್ತು. ಅಂಗಡಿಯವರು ನಿಶ್ಚಿಂತೆಯಿಂದ ಇದ್ದರು. ನಾನು ಒಳಗೆ ಕೈ ಹಾಕಿ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದ ಇನ್ಸುಲಿನ್ ಡಬ್ಬಿ ತೆಗೆದೆ. ಅದರ ಮೂಲೆ ಗೋಡೆಗೆ ಅಂಟಿತ್ತು, ಕಿತ್ತಾಗ ಚರ್ ಅಂತ ಸದ್ದಾಯಿತು. ರಟ್ಟಿನ ಮೇಲೆ ತೆಳುವಾಗಿ ಹಿಮ ಕಟ್ಟಿತ್ತು. ಬಾಗಿಲಿನ ಹತ್ತಿರ 5 ಡಿಗ್ರಿ, ಒಂದು ಮೊಳ ಒಳಗೆ ಸೊನ್ನೆಗಿಂತ ಕೆಳಗೆ!

ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಲಸಿಕೆಗಳ ಕತೆ ಇನ್ನೂ ಕಷ್ಟದ್ದು. ಬಿಸಿ ತಗುಲಿದರೆ ತಿಳಿಯಲು ಕೆಲವು ಲಸಿಕೆಗಳ ಬಾಟಲಿ ಮೇಲೆ ಒಂದು ಗುರುತು ಇರುತ್ತದೆ. ವೃತ್ತದೊಳಗಿನ ಚೌಕ ನಿಧಾನಕ್ಕೆ ಕಪ್ಪಾಗುತ್ತದೆ. ಪೋಲಿಯೊ ಹನಿಯ ಬಾಟಲಿಗಳ ಮೇಲೆ 1996ರಿಂದಲೇ ಇದು ಬಂದಿದೆ. ಆದರೆ ಆ ಚೌಕ ಹೇಳುವುದು ಬಿಸಿಯ ಕತೆ ಮಾತ್ರ. ಲಸಿಕೆ ಹೆಪ್ಪುಗಟ್ಟಿ ಮತ್ತೆ ಕರಗಿದ್ದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಹೆಪಟೈಟಿಸ್ ಬಿ, ಡಿಪಿಟಿ ಥರದ ಲಸಿಕೆಗಳು ಹಾಳಾಗುವುದೇ ಹೆಪ್ಪುಗಟ್ಟಿದಾಗ. ನಾವೆಲ್ಲ ಬಿಸಿಗೆ ಹೆದರಿ ಫ್ರಿಜ್ಜನ್ನು ಇನ್ನಷ್ಟು ತಂಪು ಮಾಡುತ್ತೇವೆ, ಅಲ್ವಾ? ಎಡವಟ್ಟಾಗುವುದು ಅಲ್ಲೇ.

ತಾಪಮಾನ ಬರೆದಿಡುವ ಲಾಗರ್‌ಗಳು ಹೊಸದೇನಲ್ಲ, ಬೇಕಾದಷ್ಟು ಇವೆ. ನಾವೇ ಕಂಡುಹಿಡಿದೆವು ಎಂದು ದಯವಿಟ್ಟು ಬರೆಯಬೇಡಿ, ಮರುದಿನವೇ ನಾಲ್ಕು ಜನ ನಿಮಗೆ ಫೋನ್ ಮಾಡುತ್ತಾರೆ. ನಮ್ಮಲ್ಲಿ ಬೇರೆ ಇರುವುದು ಎರಡು. ಹೆಪ್ಪುಗಟ್ಟುವ ಅಪಾಯಕ್ಕೆ ಒಂದು ಸದ್ದು, ಬಿಸಿಯಾಗುವ ಅಪಾಯಕ್ಕೆ ಇನ್ನೊಂದು. ಕೌಂಟರಿನಲ್ಲಿ ಗಿರಾಕಿ ಜೊತೆ ಮಾತಾಡುತ್ತಿದ್ದರೂ ಯಾವುದು ಎಂದು ಕಿವಿಗೇ ತಿಳಿಯಬೇಕು. ಎರಡನೆಯದು, ಆ್ಯಪ್ ಇಲ್ಲ, ಖಾತೆ ತೆರೆಯಬೇಕಿಲ್ಲ, ಚಂದಾ ಇಲ್ಲ. ಒಮ್ಮೆ ಕೊಂಡರೆ ಮುಗಿಯಿತು.

ಹಾಗಾದರೆ ನಮ್ಮ ಹೊಟ್ಟೆಪಾಡು? ನಿಮ್ಮ ಓದುಗರಿಗೆ ಬೇಕಾದ ಸುದ್ದಿ ಇಲ್ಲೇ ಇದೆ ಅನ್ನಿಸುತ್ತದೆ. ಸೆನ್ಸರ್ ಸರಿಯಾಗಿ ಅಳೆಯುತ್ತಿದೆಯೇ ಎಂದು ವರ್ಷಕ್ಕೊಮ್ಮೆ ತಾಳೆ ನೋಡಿಸಬೇಕು. ಆ ಕೆಲಸಕ್ಕೆ ನಾವು ಶುಲ್ಕ ತೆಗೆದುಕೊಳ್ಳುತ್ತೇವೆ. ಗಿರಾಕಿ ಬೇರೆ ಕಡೆ ಮಾಡಿಸಿದರೂ, ಮಾಡಿಸದೇ ಇದ್ದರೂ ಅಲಾರಂ ಕೆಲಸ ನಿಲ್ಲಿಸುವುದಿಲ್ಲ. ನಮಗೆ ಬಂಡವಾಳ ಕೊಡಲು ಬಂದ ಇಬ್ಬರು ಇದೇ ಮಾತು ಕೇಳಿ ಎದ್ದು ಹೋದರು. ತಿಂಗಳಿಗೆ ಇಷ್ಟು ಅಂತ ಇಡಿ, ಇಲ್ಲಾಂದ್ರೆ ಆಗಲ್ಲ ಎಂದರು. ಅವರ ಲೆಕ್ಕ ತಪ್ಪು ಎಂದು ನಾನು ಹೇಳಲಾರೆ. ಗಿರಾಕಿಗಳಲ್ಲಿ ಅರ್ಧದಷ್ಟಾದರೂ ತಾಳೆ ನೋಡಿಸಲು ನಮ್ಮಲ್ಲಿಗೇ ಬರದಿದ್ದರೆ ಎರಡನೇ ವರ್ಷ ನಮಗೆ ನಷ್ಟ ಖಂಡಿತ. ಆ ಲೆಕ್ಕದ ಹಾಳೆಯನ್ನು ನಿಮಗೆ ತೋರಿಸುತ್ತೇನೆ, ಬರೆಯಲೂಬಹುದು.

ಪ್ರೆಸ್ ನೋಟ್‌ನಲ್ಲಿ ನನ್ನ ಹೇಳಿಕೆ ಅಂತ ಏನೂ ಹಾಕಿಲ್ಲ. "ನಮಗೆ ಅಪಾರ ಸಂತೋಷವಾಗಿದೆ" ಅಂತ ನಾನೇ ಬರೆದು ನಾನೇ ಉದ್ಧರಣ ಚಿಹ್ನೆಯೊಳಗೆ ಕೂರುವುದು ನನಗೇ ನಗು ತರಿಸಿತು. ನೀವೇ ಕೇಳಿ, ಉತ್ತರ ಕೊಡುತ್ತೇನೆ. ಪರೀಕ್ಷೆಗೆ ಅಲಾರಂ ಇಟ್ಟುಕೊಂಡಿದ್ದ ಅಂಗಡಿಯವರಲ್ಲಿ ಇಬ್ಬರು ಮಾತಾಡಲು ಒಪ್ಪಿದ್ದಾರೆ. ಅವರಲ್ಲಿ ಒಬ್ಬರಿಗೆ ಅಲಾರಂ ಸದ್ದು ಸ್ವಲ್ಪವೂ ಇಷ್ಟವಿಲ್ಲ. ಅವರ ಹತ್ತಿರವೂ ಮಾತಾಡಿ. ಒಂದು ಅಲಾರಂ ಕಳಿಸುತ್ತೇನೆ, ನಿಮ್ಮ ಆಫೀಸಿನ ಫ್ರಿಜ್ಜಿನಲ್ಲೇ ಒಂದು ವಾರ ಇಟ್ಟು ನೋಡಿ.

ಸದ್ಯ ಇದನ್ನು ನಿಮಗೊಬ್ಬರಿಗೇ ಕಳಿಸಿದ್ದೇನೆ. ಜೂನ್ 5ರೊಳಗೆ ಬೇಕು, ಬೇಡ ಎಂದು ಒಂದು ಸಾಲು ಬರೆದರೆ ಸಾಕು. ಆ ದಿನದವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ, ಫೋನ್ ಮಾಡಿ ಕಾಡುವುದೂ ಇಲ್ಲ. ಉತ್ತರ ಬರದಿದ್ದರೆ 6ರಂದು ಉಳಿದವರಿಗೆ ಕಳಿಸುತ್ತೇನೆ.

ವಂದನೆಗಳೊಂದಿಗೆ,
ತಂಪುಗಾವಲು ತಂಡದ ಪರವಾಗಿ, ಸಹ-ಸಂಸ್ಥಾಪಕಿ

ಲಗತ್ತು: ಪ್ರೆಸ್ ನೋಟ್, ಮೂರು ಫೋಟೊ

---

ಪ್ರೆಸ್ ನೋಟ್
ಜೂನ್ 12, ಬೆಳಿಗ್ಗೆ 10 ಗಂಟೆಗೆ ಮೊದಲು ಪ್ರಕಟಿಸಬಾರದು

ಔಷಧಿ ಹೆಪ್ಪುಗಟ್ಟುವ ಅಪಾಯವಿದ್ದರೆ ಕೂಗುವ ಅಲಾರಂ ಮಾರುಕಟ್ಟೆಗೆ

ಔಷಧಿ ಅಂಗಡಿ ಮತ್ತು ಸಣ್ಣ ಕ್ಲಿನಿಕ್‌ಗಳ ಫ್ರಿಜ್ಜಿಗಾಗಿ ತಯಾರಿಸಿದ ತಂಪುಗಾವಲು ಅಲಾರಂ ಜೂನ್ 12ರಿಂದ ಮಾರಾಟಕ್ಕೆ ಸಿಗಲಿದೆ. ಒಮ್ಮೆ ಕೊಂಡರೆ ಮತ್ತೆ ಚಂದಾ ಕಟ್ಟಬೇಕಿಲ್ಲ. ಬೆಲೆ ಒಂದು ಸಣ್ಣ ಫ್ರಿಜ್ಜಿನ ಬೆಲೆಯ ಹತ್ತರಲ್ಲಿ ಒಂದು ಭಾಗದಷ್ಟಿದೆ.

ತೆರೆಯದ ಇನ್ಸುಲಿನ್ ಮತ್ತು ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಫ್ರಿಜ್ಜಿನೊಳಗೆ ಎಲ್ಲ ಕಡೆ ಒಂದೇ ತಂಪು ಇರುವುದಿಲ್ಲ. ಹಾಗಾಗಿ ತಂಪುಗಾವಲಿನ ಸೆನ್ಸರನ್ನು ಬಾಗಿಲಿನ ಬದಲು ಔಷಧಿಯ ಪಕ್ಕದಲ್ಲೇ ಇಡಲಾಗುತ್ತದೆ. ಸೆನ್ಸರ್ ಇರುವುದು ಗ್ಲೈಕಾಲ್ ತುಂಬಿದ ಪುಟ್ಟ ಬಾಟಲಿಯಲ್ಲಿ. ಬಾಗಿಲು ತೆರೆದ ಕೂಡಲೇ ಗಾಳಿ ಬಿಸಿಯಾಗುತ್ತದೆ, ಔಷಧಿ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಬಾಟಲಿಯ ದ್ರವವೂ ಔಷಧಿಯ ಹಾಗೆ ನಿಧಾನಕ್ಕೆ ಬದಲಾಗುವುದರಿಂದ ಸುಮ್ನೆ ಕೂಗುವ ಅಲಾರಂ ಕಡಿಮೆ.

ತಾಪಮಾನ ಮೈನಸ್ 0.5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 60 ನಿಮಿಷ ಇದ್ದರೆ ಹೆಪ್ಪಿನ ಅಲಾರಂ, 8 ಡಿಗ್ರಿಗಿಂತ ಮೇಲೆ 10 ಗಂಟೆ ಇದ್ದರೆ ಬಿಸಿಯ ಅಲಾರಂ ಕೂಗುತ್ತದೆ. ಲಸಿಕೆ ಫ್ರಿಜ್ಜುಗಳ ಲಾಗರ್‌ಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿಗಳೂ ಇವೇ. ಅದಕ್ಕೂ ಮೊದಲು, 2 ಡಿಗ್ರಿಗಿಂತ ಕೆಳಗಿಳಿದ ಕೂಡಲೇ ಹಳದಿ ದೀಪ ಮಿನುಗುತ್ತದೆ. ಔಷಧಿಯನ್ನು ಹಿಂದಿನ ಗೋಡೆಯಿಂದ ಈಚೆಗೆ ಸರಿಸಲು ಅಷ್ಟು ಸಮಯ ಸಿಗುತ್ತದೆ.

11 ಅಂಗಡಿಗಳಲ್ಲಿ 6 ವಾರ ಪರೀಕ್ಷಿಸಿದಾಗ 4 ಫ್ರಿಜ್ಜುಗಳಲ್ಲಿ ಒಮ್ಮೆಯಾದರೂ ಹೆಪ್ಪಿನ ಅಲಾರಂ ಕೂಗಿತು. ಇದು ತಯಾರಕರೇ ನಡೆಸಿದ ಸಣ್ಣ ಪರೀಕ್ಷೆ. ಎಲ್ಲ ಅಂಗಡಿಗಳ ಸ್ಥಿತಿ ಹೀಗೇ ಎಂದು ಇದರಿಂದ ಹೇಳಲಾಗದು.

ಅಲಾರಂ ಕೂಗಿದ ಮಾತ್ರಕ್ಕೆ ಔಷಧಿ ಕೆಟ್ಟಿದೆ ಎಂದಲ್ಲ, ಕೂಗದಿದ್ದರೆ ಚೆನ್ನಾಗಿದೆ ಎಂಬ ಖಾತರಿಯೂ ಅಲ್ಲ. ಬಳಸುವ ಮೊದಲು ಔಷಧಿ ತಯಾರಕರ ಸೂಚನೆಯನ್ನೇ ನೋಡಬೇಕು.

ಹೆಚ್ಚಿನ ವಿವರಕ್ಕೆ ಈ ಮೇಲ್‌ಗೇ ಉತ್ತರಿಸಿ.