ಉಸಿರಾಟದ ಮೆಕ್ಯಾನಿಕ್ಸ್: ಮೊದಲ ವರ್ಷದ ವೈವಾ ಪ್ರಶ್ನೋತ್ತರ

ಹುಬ್ಬಳ್ಳಿಯ ನಮ್ಮ ಫಿಸಿಯಾಲಜಿ ಬ್ಯಾಚಿನವರಿಗೆ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟುಕೊಂಡು ಓದಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಗಾಳಿ ಒಳಗೆ ಬಂದಿದ್ದಕ್ಕೆ ಎದೆ ಉಬ್ಬುತ್ತದೆಯೋ, ಎದೆ ಉಬ್ಬಿದ್ದಕ್ಕೆ ಗಾಳಿ ಬರುತ್ತದೆಯೋ?

ಉತ್ತರ: ಎದೆ ಉಬ್ಬಿದ್ದಕ್ಕೆ ಗಾಳಿ ಬರುತ್ತದೆ. ಕಮ್ಮಾರನ ತಿದಿ ನೋಡಿದ್ದೀರಲ್ವಾ? ಅಗಲಿಸಿದ ಮೇಲೇ ಅದು ಗಾಳಿ ಎಳೆಯುವುದು. ಇಲ್ಲೂ ಹಾಗೇ. ಡಯಾಫ್ರಂ ಕೆಳಗಿಳಿಯುತ್ತದೆ, ಹೊರಗಿನ ಇಂಟರ್‌ಕಾಸ್ಟಲ್ ಸ್ನಾಯುಗಳು ಪಕ್ಕೆಲುಬು ಎತ್ತುತ್ತವೆ. ಪ್ಲೂರಾ ನಡುವಿನ ಒತ್ತಡ −5ರಿಂದ ಸುಮಾರು −7.5 ಸೆಂ.ಮೀ. ನೀರಿಗೆ ಇಳಿಯುತ್ತದೆ. ಶ್ವಾಸಕೋಶ ಹಿಗ್ಗುತ್ತದೆ, ಆಲ್ವಿಯೋಲಸ್ ಒತ್ತಡ −1 ಆಗುತ್ತದೆ. ಆಗ ಸುಮಾರು 500 ಮಿ.ಲೀ. ಗಾಳಿ ಒಳಗೆ. ಈ ಕ್ರಮ ತಪ್ಪಬೇಡಿ. ಪರೀಕ್ಷಕರು ಜಾಸ್ತಿ ಕೆದಕುವುದು ಇಲ್ಲೇ.

ಪ್ರಶ್ನೆ: ಉಸಿರು ಬಿಡುವಾಗ ಯಾವ ಸ್ನಾಯು ಕೆಲಸ ಮಾಡುತ್ತದೆ?

ಉತ್ತರ: ಆರಾಮಾಗಿ ಕೂತಿದ್ದರೆ ಯಾವುದೂ ಇಲ್ಲ. ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗುತ್ತದೆ. ಕೆಮ್ಮುವಾಗ ಹೊಟ್ಟೆಯ ಸ್ನಾಯು ಬೇಕು. ಈಗಲೇ ಕೆಮ್ಮಿ ನೋಡಿ, ಕೈಗೆ ಗಟ್ಟಿಯಾಗಿ ಸಿಗುತ್ತದೆ.

ಪ್ರಶ್ನೆ: 28 ವಾರಕ್ಕೇ ಹುಟ್ಟಿದ ಮಗು ಉಸಿರಿಗೆ ಒದ್ದಾಡುತ್ತಿದೆ. ಏಕೆ?

ಉತ್ತರ: ಸರ್ಫ್ಯಾಕ್ಟಂಟ್ ಸಾಲದು. ಆಲ್ವಿಯೋಲಸ್ ಒಳಗೆ ತೆಳುವಾದ ನೀರಿನ ಪದರ ಇದೆ. ಅದರ ಸರ್ಫೇಸ್ ಟೆನ್ಶನ್ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಲಾಪ್ಲಾಸ್ ನಿಯಮ: P = 2T/r. ತ್ರಿಜ್ಯ ಅರ್ಧ ಆದರೆ ಕುಗ್ಗಿಸುವ ಒತ್ತಡ ಎರಡು ಪಟ್ಟು. ಟೈಪ್ 2 ಕೋಶಗಳು ಮಾಡುವ ಸರ್ಫ್ಯಾಕ್ಟಂಟ್ ಈ T ಇಳಿಸುತ್ತದೆ, ಚಿಕ್ಕ ಆಲ್ವಿಯೋಲಸ್‌ನಲ್ಲಿ ಇನ್ನೂ ಜಾಸ್ತಿ. ಅದು ಇಲ್ಲದ ಮಗುವನ್ನು ವಾರ್ಡಿನಲ್ಲಿ ನೋಡಿದರೆ ಮರೆಯಲಾಗದು: ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಜಗ್ಗುತ್ತದೆ, ಬಿಡುವಾಗ ಸಣ್ಣಗೆ ನರಳುವ ಸದ್ದು. ಕಂಪ್ಲಯನ್ಸ್ ಕಡಿಮೆ ಎಂದರೆ ಏನು ಅಂತ ಆ ಮಗು ತೋರಿಸುತ್ತದೆ.

ಪ್ರಶ್ನೆ: ಹಾಗಾದರೆ ಕಂಪ್ಲಯನ್ಸ್ ಎಂದರೆ?

ಉತ್ತರ: ಒಂದು ಸೆಂ.ಮೀ. ನೀರಿನಷ್ಟು ಒತ್ತಡ ಬದಲಾದರೆ ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ. ಎರಡೂ ಶ್ವಾಸಕೋಶ ಸೇರಿ ಸುಮಾರು 200 ಮಿ.ಲೀ. ಫೈಬ್ರೋಸಿಸ್‌ನಲ್ಲಿ ಇಳಿಯುತ್ತದೆ, ಎಂಫಿಸೀಮಾದಲ್ಲಿ ಏರುತ್ತದೆ.

ಪ್ರಶ್ನೆ: ಸ್ಪೈರೋಮೀಟರ್ ಅಳೆಯಲಾರದ್ದು ಯಾವುದು?

ಉತ್ತರ: ರೆಸಿಡ್ಯುಯಲ್ ವಾಲ್ಯೂಮ್, ಸುಮಾರು 1200 ಮಿ.ಲೀ. ಹೊರಗೆ ಬಾರದ ಗಾಳಿಯನ್ನು ಅಳೆಯುವುದು ಹೇಗೆ? ಅದು ಸೇರಿರುವ FRC, TLC ಕೂಡ ಸಿಗುವುದಿಲ್ಲ. ಹೀಲಿಯಂ ಡೈಲ್ಯೂಶನ್ ಬೇಕು.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಚೀಲ ಹೊರುವ ಹಿರಿಯರೊಬ್ಬರು ಬಂದಿದ್ದಾರೆ. ಉಸಿರು ಬಿಡುವಾಗ ಸುಂಯ್ ಎನ್ನುತ್ತದೆ. FVC 3 ಲೀಟರ್, FEV1 1.5. ಏನು ಹೇಳುತ್ತೀರಿ?

ಉತ್ತರ: FEV1/FVC 50%, ಸಾಮಾನ್ಯವಾಗಿ 80% ಹತ್ತಿರ ಇರಬೇಕು. ಅಬ್‌ಸ್ಟ್ರಕ್ಟಿವ್ ತೊಂದರೆ. ನಳಿಕೆಯ ತ್ರಿಜ್ಯ ಅರ್ಧ ಆದರೆ ರೆಸಿಸ್ಟನ್ಸ್ 16 ಪಟ್ಟು. ಬಿಡುವಾಗ ಹೊರಗಿನ ಒತ್ತಡ ನಳಿಕೆಯನ್ನು ಮತ್ತಷ್ಟು ಹಿಚುಕುತ್ತದೆ, ಅದಕ್ಕೇ ಸದ್ದು ಆಗ ಜಾಸ್ತಿ.