ಮುಂದಿನ ಋತುವಿನ ಸನ್ನಿವೇಶ ಯೋಜನೆ: ಬ್ಯಾಚ್‌ಗಳ ಕಡಿತ ಮತ್ತು ಹೆಚ್ಚಳದ ನಿರ್ಧಾರಕ್ಕೆ ಮಾನದಂಡಗಳು

ಮುಖ್ಯ ಋತುವಿನ ಗುಂಪು ಪ್ರವಾಸಗಳಿಗಾಗಿ ನಾವು 24 ಬ್ಯಾಚ್‌ಗಳನ್ನು ಘೋಷಿಸಿದ್ದೇವೆ. ಬ್ಯಾಚಿಗೆ 40ರಂತೆ ಒಟ್ಟು 960 ಸೀಟುಗಳಿವೆ. ಇವುಗಳಲ್ಲಿ 640 ಸೀಟುಗಳಿಗೆ ವಾಹನ ಮತ್ತು ಹೋಟೆಲ್ ಕೊಠಡಿಗಳ ಹಣ ಖಾತರಿಯಾಗಿ ಸಲ್ಲಬೇಕು. ಉಳಿದ 320 ಸೀಟುಗಳ ಕೊಠಡಿಗಳನ್ನು ಪ್ರವಾಸಕ್ಕೆ 45 ದಿನ ಮೊದಲು ದಂಡವಿಲ್ಲದೆ ಹಿಂದಿರುಗಿಸಬಹುದು. ಒಂದು ಬ್ಯಾಚಿನ ಖರ್ಚು ಸರಿದೂಗಲು 27 ಪ್ರಯಾಣಿಕರು ಬೇಕು. ಬೇಡಿಕೆ ಎಷ್ಟಿರುತ್ತದೆಂದು ನಿಖರವಾಗಿ ಊಹಿಸುವುದು ಈ ಯೋಜನೆಯ ಉದ್ದೇಶವಲ್ಲ. ಯಾವ ಅಂಕಿ ಕಂಡಾಗ, ಯಾವ ದಿನದೊಳಗೆ, ಯಾರು ಏನು ಮಾಡಬೇಕೆಂಬುದನ್ನು ಒತ್ತಡವಿಲ್ಲದ ಈಗಲೇ ಒಪ್ಪಿಕೊಳ್ಳುವುದು ಇದರ ಉದ್ದೇಶ.

ನಾಲ್ಕು ಸನ್ನಿವೇಶಗಳು

ನಿರೀಕ್ಷಿತ ಸನ್ನಿವೇಶದಲ್ಲಿ 816 ಪ್ರಯಾಣಿಕರು, ಅಂದರೆ ಶೇ 85ರಷ್ಟು ಭರ್ತಿ. ಇಲ್ಲಿ ಯಾವ ಬದಲಾವಣೆಯೂ ಬೇಡ. ಮಂದ ಸನ್ನಿವೇಶದಲ್ಲಿ ಸುಮಾರು 600 ಜನ ಬರುತ್ತಾರೆ. ಎಲ್ಲ 24 ಬ್ಯಾಚ್‌ಗಳನ್ನೂ ನಡೆಸಿದರೆ ಸರಾಸರಿ 25 ಜನರಾಗಿ ಪ್ರತಿ ಬ್ಯಾಚೂ ನಷ್ಟಕ್ಕೆ ಬೀಳುತ್ತದೆ; ಅದೇ 600 ಜನರನ್ನು 18 ಬ್ಯಾಚ್‌ಗಳಲ್ಲಿ ಕೂರಿಸಿದರೆ ಸರಾಸರಿ 33 ದಾಟುತ್ತದೆ. ಏರುಗತಿಯ ಸನ್ನಿವೇಶದಲ್ಲಿ ಬೇಡಿಕೆ 1,000ಕ್ಕೆ ತಲುಪುತ್ತದೆ, ಆಗ ಹೆಚ್ಚುವರಿ ಬ್ಯಾಚ್‌ಗಳು ಬೇಕಾಗುತ್ತವೆ. ನಾಲ್ಕನೆಯದು ಹಠಾತ್ ಆಘಾತ: 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಬಹುಭಾಗದ ವಿಮಾನ ಸಂಚಾರ ದಿನಗಟ್ಟಲೆ ನಿಂತಂತೆ, ಬೇಡಿಕೆಯಿದ್ದೂ ಪ್ರಯಾಣ ಸಾಧ್ಯವಾಗದ ಸ್ಥಿತಿ. ಇದಕ್ಕೆ ಬುಕಿಂಗ್ ಅಂಕಿಗಳಿಂದ ಮುನ್ಸೂಚನೆ ಸಿಗುವುದಿಲ್ಲ. ಆದ್ದರಿಂದ ಗ್ರಾಹಕರ ಮುಂಗಡವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಪ್ರವಾಸ ಮುಗಿಯುವವರೆಗೆ ದೈನಂದಿನ ಖರ್ಚಿಗೆ ಮುಟ್ಟದಿರುವುದೇ ಸಿದ್ಧತೆ.

ಕಡಿತದ ಮಾನದಂಡ

ಪ್ರತಿ ಸೋಮವಾರ ನಿವ್ವಳ ಬುಕಿಂಗ್ ಎಣಿಸಬೇಕು: ಮುಂಗಡ ಕಟ್ಟಿದವರ ಸಂಖ್ಯೆಯಲ್ಲಿ ರದ್ದು ಮಾಡಿದವರನ್ನು ಕಳೆದು ಉಳಿದದ್ದು ಮಾತ್ರ. ವಿಚಾರಣೆಯ ಕರೆಗಳು ಎಷ್ಟೇ ಹೆಚ್ಚಿರಲಿ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಸಾಮಾನ್ಯ ವೇಗದಲ್ಲಿ ಒಂದು ಬ್ಯಾಚಿಗೆ 90 ದಿನ ಮೊದಲು 18, 60 ದಿನ ಮೊದಲು 26 ಬುಕಿಂಗ್ ಆಗಿರಬೇಕು. 60 ದಿನದ ಗಡಿಯ ನಂತರ ಸತತ ಎರಡು ಎಣಿಕೆಗಳಲ್ಲಿ 18ಕ್ಕಿಂತ ಕಡಿಮೆ ಕಂಡರೆ, ಆ ಬ್ಯಾಚನ್ನು ವಿಲೀನದ ಪಟ್ಟಿಗೆ ಸೇರಿಸಬೇಕು. ಒಂದೇ ವಾರದ ಇಳಿತಕ್ಕೆ ಬೆದರಬೇಕಾಗಿಲ್ಲ; ಆದರೆ ಮೂರನೆಯ ವಾರಕ್ಕೆ ಕಾಯುವಂತಿಲ್ಲ, ಏಕೆಂದರೆ ಅಷ್ಟರಲ್ಲಿ ಕೊಠಡಿ ಹಿಂದಿರುಗಿಸುವ 45 ದಿನದ ಗಡಿ ದಾಟಿಹೋಗಿರುತ್ತದೆ. ಮಾನದಂಡದ ದಿನಾಂಕವನ್ನು ಒಪ್ಪಂದದ ಗಡಿಯಿಂದ ಹಿಂದಕ್ಕೆ ಎಣಿಸಿ ಇಟ್ಟಿರುವುದು ಈ ಕಾರಣಕ್ಕೇ.

ವಿಲೀನದಲ್ಲಿ ಎಚ್ಚರ ಬೇಕು. ಅಕ್ಕಪಕ್ಕದ ಎರಡು ಬ್ಯಾಚ್‌ಗಳಲ್ಲಿ 14 ಮತ್ತು 15 ಜನರಿದ್ದಾರೆನ್ನಿ. ಕೂಡಿದರೆ 29, ಕಾಗದದ ಮೇಲೆ ಲಾಭವೇ. ಆದರೆ ದಿನಾಂಕ ಬದಲಾದಾಗ ರಜೆ ಹೊಂದದ ಆರು ಜನ ಹಿಂದೆ ಸರಿದರೆ 23ಕ್ಕೆ ಇಳಿಯುತ್ತೇವೆ. ಹಾಗಾಗಿ ಒಟ್ಟು ಸಂಖ್ಯೆ 33ರಿಂದ 36ರ ನಡುವೆ ಇದ್ದರೆ ಮಾತ್ರ ಎರಡನ್ನು ವಿಲೀನಗೊಳಿಸಬೇಕು. ಅದಕ್ಕಿಂತ ಕಡಿಮೆಯಿದ್ದರೆ ಎರಡೂ ಬ್ಯಾಚ್‌ಗಳವರಿಗೆ ಬೇರೆ ದಿನಾಂಕಗಳ ಆಯ್ಕೆಯನ್ನೋ ಪೂರ್ಣ ಮರುಪಾವತಿಯನ್ನೋ ಕೊಡಬೇಕು. ಈ ಸಂಗತಿಯನ್ನು ಸಂದೇಶದಲ್ಲಿ ತಿಳಿಸಿ ಕೈತೊಳೆದುಕೊಳ್ಳಬಾರದು, ಪ್ರತಿಯೊಬ್ಬರಿಗೂ ಕರೆ ಮಾಡಲೇಬೇಕು: ಅವರು ತಮ್ಮ ವರ್ಷದ ರಜೆಯನ್ನೇ ನಮ್ಮನ್ನು ನಂಬಿ ಬದಿಗಿಟ್ಟಿದ್ದಾರೆ.

ಹಿಂದಿರುಗಿಸಬಹುದಾದ 320 ಸೀಟುಗಳನ್ನೇ ಮೊದಲು ಬಿಟ್ಟುಕೊಡಬೇಕು. ಖಾತರಿ ಸೀಟುಗಳ ವಿಷಯದಲ್ಲಿ ದರ ಇಳಿಸಿ ತುಂಬಿಸುವುದು ರದ್ದತಿಗಿಂತ ಮೇಲು, ಏಕೆಂದರೆ ಬಸ್ಸು ಮತ್ತು ಕೊಠಡಿಯ ಹಣ ಹೇಗೂ ಕೊಟ್ಟಾಗಿರುತ್ತದೆ. ಊಟ, ಪ್ರವೇಶ ಶುಲ್ಕಗಳಂತಹ ತಲಾ ಖರ್ಚನ್ನು ಮೀರಿ ಬರುವ ಹಣವೆಲ್ಲ ನಷ್ಟವನ್ನು ತಗ್ಗಿಸುತ್ತದೆ. ಈಗಾಗಲೇ ಪೂರ್ಣ ದರ ಕೊಟ್ಟವರಿಗೂ ಸಮಾನ ಮೌಲ್ಯದ ಸೌಲಭ್ಯ ಒದಗಿಸಬೇಕು.

ಹೆಚ್ಚಳದ ಮಾನದಂಡ

ಸೇರಿಸುವ ಗಡಿಯನ್ನು ಉದ್ದೇಶಪೂರ್ವಕವಾಗಿಯೇ ಕಠಿಣವಾಗಿ ಇಟ್ಟಿದ್ದೇವೆ. ಕಡಿತದ ಗಡಿಯೂ ಹೆಚ್ಚಳದ ಗಡಿಯೂ ಹತ್ತಿರವಿದ್ದರೆ ಒಂದು ವಾರ ಬ್ಯಾಚ್ ಸೇರಿಸಿ ಇನ್ನೊಂದು ವಾರ ತೆಗೆಯುವ ಗೊಂದಲವಾಗುತ್ತದೆ. ಪ್ರವಾಸಕ್ಕೆ 90 ದಿನ ಮೊದಲು ಒಂದೇ ಹದಿನೈದು ದಿನಗಳೊಳಗಿನ ಎರಡು ಬ್ಯಾಚ್‌ಗಳು ತಲಾ 30 ದಾಟಿರಬೇಕು, ಮುಂಗಡ ಸಹಿತ ಕಾಯುವ ಪಟ್ಟಿಯಲ್ಲಿ 12 ಜನರಿರಬೇಕು, ಮತ್ತು ಅನುಭವಿ ಗೈಡ್ ಒಬ್ಬರು ಆ ದಿನಾಂಕಕ್ಕೆ ಲಿಖಿತವಾಗಿ ಒಪ್ಪಿರಬೇಕು. ಮೂರೂ ಕೂಡಿಬಂದಾಗ 20 ಸೀಟಿನ ಸಣ್ಣ ವಾಹನದಿಂದ ಆರಂಭಿಸಿ, ಅದು ತುಂಬಿದ ಮೇಲೆ ದೊಡ್ಡ ವಾಹನಕ್ಕೆ ಬದಲಿಸಬೇಕು.

ಹೊಣೆ

ಎಣಿಕೆಯನ್ನು ಬುಕಿಂಗ್ ವಿಭಾಗ ಸೋಮವಾರ ಮಧ್ಯಾಹ್ನದೊಳಗೆ ಕೊಡಬೇಕು; ಕಾರ್ಯಾಚರಣೆ ವ್ಯವಸ್ಥಾಪಕರು ಮಂಗಳವಾರ ಸಂಜೆಯೊಳಗೆ ನಿರ್ಧರಿಸಬೇಕು. ಮಾನದಂಡ ತಲುಪಿಯೂ ಕ್ರಮ ಬೇಡವೆನ್ನುವವರು ಕಾರಣವನ್ನು ಬರೆದು ಸಹಿ ಮಾಡಬೇಕು. ಆ ವಿನಾಯಿತಿ ಏಳು ದಿನಗಳಿಗೆ ಮಾತ್ರ ಅನ್ವಯಿಸುತ್ತದೆ ಮತ್ತು 45 ದಿನದ ಗಡಿಯನ್ನು ಯಾವ ಕಾರಣಕ್ಕೂ ದಾಟುವಂತಿಲ್ಲ.