ಸಾಹಿತ್ಯಾನುವಾದದ ಶೈಲಿ ಕೈಪಿಡಿ: ಭಾಷಾಸ್ತರ, ಸಂಧಿ, ಅನ್ಯದೇಶ್ಯ ಪದಗಳು

ನಮ್ಮ ಪ್ರಕಾಶನದ ಅನುವಾದಿತ ಕಾದಂಬರಿ ಹಾಗೂ ಕಥಾಸಂಕಲನಗಳಿಗೆ ಈ ಕೈಪಿಡಿ ಅನ್ವಯಿಸುತ್ತದೆ. ಅನುವಾದಕರು, ಸಂಪಾದಕರು ಮತ್ತು ಕರಡು ತಿದ್ದುವವರು ಇದನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.

ಭಾಷಾಸ್ತರ

ನಿರೂಪಣೆಯು ಶಿಷ್ಟ ಬರಹಗನ್ನಡದಲ್ಲಿರಲಿ. ಆದರೆ ಕ್ರಿಯಾಪದಗಳಲ್ಲಿ ‘ಹೇಳಿದನು’, ‘ಹೋದಳು’ ಎಂಬ ಪೂರ್ಣರೂಪವೋ ‘ಹೇಳಿದ’, ‘ಹೋದಳು’ ಎಂಬ ರೂಢಿಯೋ ಎಂಬುದನ್ನು ಮೊದಲ ಅಧ್ಯಾಯದಲ್ಲೇ ನಿರ್ಧರಿಸಿ, ಕೊನೆಯವರೆಗೂ ಪಾಲಿಸಬೇಕು. ಸಂಭಾಷಣೆಯಲ್ಲಿ ‘ಮನೇಲಿ’, ‘ಬರ್ತೀನಿ’ ಮುಂತಾದ ಆಡುರೂಪಗಳಿಗೆ ಅವಕಾಶವುಂಟು. ಮೂಲದ ಹಳ್ಳಿಗನ ಬಾಯಲ್ಲಿ ಧಾರವಾಡದ ಅಥವಾ ಮಂಗಳೂರಿನ ಕನ್ನಡವನ್ನು ಇಡಬಾರದು, ಏಕೆಂದರೆ ಓದುಗರು ಆ ಪಾತ್ರವನ್ನು ಕೂಡಲೇ ಇಲ್ಲಿನ ಊರಿಗೆ ಸೇರಿಸಿಬಿಡುತ್ತಾರೆ; ಪದದ ಆಯ್ಕೆ ಮತ್ತು ವಾಕ್ಯದ ಅಳತೆಯಿಂದಲೇ ವ್ಯತ್ಯಾಸ ತೋರಬೇಕು.

ಮೂಲಭಾಷೆಯಲ್ಲಿ ಸರ್ವನಾಮ ಒಂದೇ ಆಗಿದ್ದರೂ ನಾವು ‘ನೀನು’, ‘ನೀವು’, ‘ತಾವು’ಗಳಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾವ ಪ್ರಸಂಗದಲ್ಲಿ ‘ನೀವು’ ‘ನೀನು’ ಆಗುತ್ತದೆ ಎಂಬ ಪಟ್ಟಿಯನ್ನು ಅನುವಾದಕರು ಮೊದಲ ಕರಡಿನೊಂದಿಗೆ ಒಪ್ಪಿಸಬೇಕು. ಸಂಪಾದನೆಯಲ್ಲಿ ಅತಿ ಹೆಚ್ಚು ತಕರಾರು ಏಳುವುದು ಇಲ್ಲಿಯೇ.

ಸಂಧಿ

‘ಊರಲ್ಲಿ’, ‘ಮನೆಯಲ್ಲಿ’, ‘ಮಳೆಗಾಲ’ ಮುಂತಾದ ಸಹಜ ಲೋಪ, ಆಗಮ, ಆದೇಶಗಳನ್ನು ಬಿಡಿಸುವ ಅಗತ್ಯವಿಲ್ಲ. ‘ಬರುತ್ತೇನೆಂದು’, ‘ಬರುತ್ತೇನೆ ಎಂದು’ ಎರಡೂ ಸರಿಯೇ. ಉದ್ಧರಣ ಚಿಹ್ನೆಯ ನಂತರ ಮಾತ್ರ ‘ಎಂದು’ ಕಡ್ಡಾಯವಾಗಿ ಬಿಡಿಯಾಗಿರಬೇಕು. ‘ಅವನಿಲ್ಲ’ ಎಂಬುದು ಸುದ್ದಿಯಾದರೆ, ‘ಅವನು ಇಲ್ಲ’ ಎಂಬಲ್ಲಿ ಓದುಗನು ಒಂದು ಕ್ಷಣ ನಿಲ್ಲುತ್ತಾನೆ. ಸಾವಿನ ದೃಶ್ಯದಲ್ಲಿ ಅನುವಾದಕರು ಹಾಗೆ ಬಿಡಿಸಿ ಬರೆದಿದ್ದರೆ ಕರಡು ತಿದ್ದುವವರು ಅದನ್ನು ಕೂಡಿಸಬಾರದು. ದೀರ್ಘ ಸಂಸ್ಕೃತ ಸಮಾಸಗಳು ಮೂಲದ ಗಾಂಭೀರ್ಯಕ್ಕೆ ಒಗ್ಗುವಲ್ಲಿ ಮಾತ್ರ ಇರಲಿ. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಚರ್ಚಿಸಿದ ಅರಿಸಮಾಸದ ವಿಷಯದಲ್ಲಿ ನಮ್ಮದು ಸಡಿಲ ನಿಲುವು: ‘ಮಂಗಳಾರತಿ’ಯಂತೆ ರೂಢಿಯಾದವು ಉಳಿಯಲಿ, ಹೊಸದಾಗಿ ಕಟ್ಟುವವು ಕಿವಿಗೆ ಒಪ್ಪಬೇಕು.

ಅನ್ಯದೇಶ್ಯ ಪದಗಳು

‘ರಸ್ತೆ’, ‘ಅರ್ಜಿ’, ‘ಕುರ್ಚಿ’, ‘ಆಸ್ಪತ್ರೆ’ಗಳು ನಮ್ಮವೇ ಆಗಿವೆ, ಅವನ್ನು ಹೊರಗಿನವೆಂದು ತೆಗೆದುಹಾಕುವುದು ವ್ಯರ್ಥ ಶ್ರಮ. ಪಾತ್ರವೊಂದು ‘ಫೋನ್ ಮಾಡು’ ಎನ್ನುವಲ್ಲಿ ‘ದೂರವಾಣಿ ಕರೆ ಮಾಡು’ ಎಂದು ಬರೆಯಬಾರದು. ಸರ್ಕಾರಿ ಪತ್ರದ ಪಠ್ಯ ಬಂದಾಗ ‘ದೂರವಾಣಿ’ಯೇ ಸರಿ. ಮೂಲದ ಊಟ, ಉಡುಪುಗಳ ಹೆಸರನ್ನು ಹಾಗೆಯೇ ಉಳಿಸಿ, ಅರ್ಥವು ಸಂದರ್ಭದಿಂದ ಹೊಳೆಯುವಂತೆ ಮಾಡಬೇಕು.

ವಿಭಕ್ತಿ ಸೇರಿಸುವಾಗ ರೂಢಿಯ ಪದಗಳು ಉಕಾರಾಂತವಾಗಲಿ: ‘ಬಸ್ಸಿನಲ್ಲಿ’, ‘ಬ್ಯಾಂಕಿನಲ್ಲಿ’. ವ್ಯಕ್ತಿನಾಮಗಳನ್ನು ಹಾಗೆ ಬದಲಿಸದೆ ‘ಡೇವಿಡ್‌ಗೆ’ ಎಂದು ಬರೆಯಬೇಕು. ನಡುವೆ ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ U+200C ಅಕ್ಷರ ಇಲ್ಲದಿದ್ದರೆ ಅದು ‘ಡೇವಿಡ್ಗೆ’ ಎಂದು ಒತ್ತಕ್ಷರವಾಗುತ್ತದೆ. ಪುಟವಿನ್ಯಾಸದಲ್ಲಿ ಈ ಅಕ್ಷರ ಕಳೆದುಹೋಗುವ ಸಂಭವವಿರುವುದರಿಂದ, ಅಂತಿಮ ಕರಡಿನಲ್ಲಿ ವ್ಯಕ್ತಿನಾಮಗಳನ್ನಷ್ಟೇ ಇನ್ನೊಮ್ಮೆ ಹುಡುಕಿ ನೋಡತಕ್ಕದ್ದು.